ಬರೆದು ಮುಗಿಸಿದ ಭಾವಗೀತೆಗೆ ಶೀರ್ಷಿಕೆ ಆರಿಸುವುದು ಹೇಗೆ?

ನಮ್ಮಲ್ಲಿ ಹಾಡಿಗೆ ಪ್ರತ್ಯೇಕ ಹೆಸರಿಡುವ ಅಭ್ಯಾಸ ತೀರ ಹಳೆಯದಲ್ಲ. ವಚನಕ್ಕೆ ಶೀರ್ಷಿಕೆ ಇಲ್ಲ, ದಾಸರ ಪದಕ್ಕೂ ಇಲ್ಲ. ಅವುಗಳಲ್ಲಿ ಅಂಕಿತ ಇರುತ್ತದೆ, ಅದು ಕೊನೆಯಲ್ಲಿ ಬರುತ್ತದೆ. ಕೀರ್ತನೆಯನ್ನು ಹುಡುಕಬೇಕಾದರೆ ಪುಸ್ತಕದ ಹಿಂದಿರುವ ಅಕಾರಾದಿಯಲ್ಲಿ ಪಲ್ಲವಿಯ ಮೊದಲ ಸಾಲನ್ನು ನೋಡುತ್ತೇವೆ. ಈ ರೂಢಿ ಇಂದಿಗೂ ಕನ್ನಡಿಗರ ಬಾಯಲ್ಲಿದೆ. ಕೆ. ಎಸ್. ನಿಸಾರ್ ಅಹಮದ್ ತಮ್ಮ ಕವಿತೆಗೆ ‘ನಿತ್ಯೋತ್ಸವ’ ಎಂದು ಹೆಸರಿಟ್ಟರು, 1978ರಲ್ಲಿ ಅದೇ ಹೆಸರಿನ ಕ್ಯಾಸೆಟ್ಟೂ ಬಂತು. ಆದರೂ ವೇದಿಕೆಯ ಮುಂದೆ ಕುಳಿತವರು ಚೀಟಿ ಬರೆದು ಕಳಿಸುವಾಗ ‘ಜೋಗದ ಸಿರಿ ಬೆಳಕಿನಲ್ಲಿ ಹಾಡಿ’ ಎಂದೇ ಬರೆಯುತ್ತಾರೆ.

ಹೀಗಿರುವಾಗ ಶೀರ್ಷಿಕೆಯ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ ಎಂದು ಕೇಳಬಹುದು. ಹಾಡಿನೊಳಗೆ ಇಲ್ಲದ ಒಂದು ಸಂಗತಿಯನ್ನು ಓದುಗನಿಗೆ ಮೊದಲೇ ತಿಳಿಸಲು ಕವಿಗಿರುವ ಒಂದೇ ಜಾಗ ಅದು. ಆ ಒಂದು ಸಂಗತಿ ಬದಲಾದರೆ ಒಂದಕ್ಷರವನ್ನೂ ತಿದ್ದದೆ ಇಡೀ ಹಾಡಿನ ಅರ್ಥ ಬದಲಾಗುತ್ತದೆ. ಅದನ್ನು ತೋರಿಸಲು ಈ ಮಾರ್ಗದರ್ಶಿಗೆಂದೇ ಬರೆದ ಒಂದು ಸಣ್ಣ ಭಾವಗೀತೆಯನ್ನು ಕೆಳಗೆ ಕೊಟ್ಟಿದೆ. ಹೆಸರಿಲ್ಲದೆಯೇ ಒಮ್ಮೆ ನಿಧಾನವಾಗಿ ಓದಿ.

ಅಗುಳಿ ಹಾಕಿಲ್ಲ ಬಾಗಿಲಿಗಿನ್ನೂ
ಬರುವ ಹೊತ್ತಿಗೆ ಬಾ

ಒಲೆಯಲಿ ಕೆಂಡವ ಮುಚ್ಚಿದೆ ಬೂದಿ
ಹಂಡೆಯ ನೀರೂ ಆರಿಲ್ಲ
ಅಂಗಳದಲ್ಲಿ ಚುಕ್ಕಿಯ ಇಟ್ಟು
ಗೆರೆಯನು ಇನ್ನೂ ಎಳೆದಿಲ್ಲ

ಜಾಜಿಯ ಬಳ್ಳಿ ಮಾಡನು ಹತ್ತಿ
ಹೆಂಚಿನ ನಡುವೆ ಹೂ ಬಿಟ್ಟಿದೆ
ನೀನೇ ಬಳ್ಳಿಗೆ ಕಟ್ಟಿದ ದಾರ
ಕಂಬದ ಸುತ್ತಲೆ ಉಳಿದಿದೆ

ಕೇಳಿದವರಿಗೆ ಹೇಳುತ ಬಂದೆ
ನಾಳೆಯೊ ನಾಡಿದ್ದೊ ಎಂದು
ಎಣ್ಣೆಯು ತೀರಿದ ಬತ್ತಿಯ ತುದಿಯಲಿ
ಕೆಂಪನೆ ಚುಕ್ಕಿ ಇದೆ ಒಂದು

ಮೊದಲ ಹೆಜ್ಜೆ: ಹಾಡು ಹೇಳದೆ ಬಿಟ್ಟದ್ದನ್ನು ಪಟ್ಟಿ ಮಾಡಿ

ಬಹಳ ಜನ ಹಾಡು ಏನು ಹೇಳುತ್ತದೆ ಎಂದು ಕೇಳಿಕೊಂಡು ಶೀರ್ಷಿಕೆ ಹುಡುಕಲು ಹೊರಡುತ್ತಾರೆ. ಆ ದಾರಿ ನೇರವಾಗಿ ಸಾರಾಂಶಕ್ಕೆ ಹೋಗಿ ನಿಲ್ಲುತ್ತದೆ. ಹಾಡು ಏನನ್ನು ಹೇಳಿಲ್ಲ ಎಂದು ಕೇಳಿಕೊಳ್ಳಿ. ಒಂದು ಹಾಳೆಯಲ್ಲಿ ಐದು ಪ್ರಶ್ನೆ ಬರೆಯಿರಿ: ಮಾತಾಡುವವರು ಯಾರು, ಯಾರೊಡನೆ, ಯಾವಾಗ, ಎಲ್ಲಿ, ಹಾಡು ಶುರುವಾಗುವ ಮುಂಚೆ ಏನಾಗಿದೆ. ಪ್ರತಿಯೊಂದರ ಮುಂದೆ ಹಾಡಿನ ಸಾಲುಗಳಿಂದಷ್ಟೇ ಸಿಗುವ ಉತ್ತರವನ್ನು ಬರೆಯಿರಿ. ನಿಮ್ಮ ಮನಸ್ಸಿನಲ್ಲಿರುವುದು ಈ ಹಾಳೆಗೆ ಬರಕೂಡದು.

ನಮ್ಮ ಹಾಡಿಗೆ ಇದನ್ನು ಮಾಡಿದರೆ ಹೀಗಾಗುತ್ತದೆ. ಎಲ್ಲಿ ಎಂಬುದು ತಿಳಿದಿದೆ: ಹೆಂಚಿನ ಮನೆ, ಅಂಗಳ, ಸೌದೆ ಒಲೆ. ದಿನದ ಯಾವ ಹೊತ್ತು ಎಂಬುದೂ ಗೊತ್ತು, ಕೆಂಡ ಬೂದಿಯಡಿ ಹೋಗಿ ದೀಪದ ಎಣ್ಣೆ ತೀರಿದ ರಾತ್ರಿ. ಯಾವ ದಿನ, ಎಷ್ಟು ಕಾಲದ ಮೇಲೆ ಎಂಬುದು ಗೊತ್ತಿಲ್ಲ. ಯಾರೋ ಹೋಗಿದ್ದಾರೆ, ಯಾಕೆ ಹೋದರು ತಿಳಿಯದು. ‘ಬಾ’, ‘ನೀನೇ’ ಎಂದಿರುವುದರಿಂದ ಹತ್ತಿರದವರು ಎಂದಷ್ಟೇ ಹೇಳಬಹುದು. ಗಂಡೋ ಹೆಣ್ಣೋ, ಕಿರಿಯರೋ ಸಮವಯಸ್ಕರೋ, ಬದುಕಿದ್ದಾರೋ ಇಲ್ಲವೋ ಯಾವುದೂ ಇಲ್ಲ.

ಇಲ್ಲಿ ಕನ್ನಡದ್ದೇ ಆದ ಒಂದು ಅನುಕೂಲ ಇದೆ. ನಮ್ಮ ಕ್ರಿಯಾಪದ ಪ್ರಥಮ ಪುರುಷದಲ್ಲಿ ಮಾತ್ರ ಲಿಂಗ ತೋರಿಸುತ್ತದೆ: ಬಂದನು, ಬಂದಳು. ‘ಬಂದೆ’ ಎನ್ನುವವರು ಯಾರೂ ಆಗಬಹುದು, ‘ಬಾ’ ಎಂದು ಯಾರನ್ನೂ ಕರೆಯಬಹುದು. ಆದ್ದರಿಂದ ನಾನು–ನೀನು ಹಾಡುಗಳಲ್ಲಿ ಇಬ್ಬರ ಲಿಂಗವೂ ಕೊನೆಯ ಸಾಲಿನವರೆಗೆ ತೆರೆದೇ ಇರಬಲ್ಲದು. ಶೀರ್ಷಿಕೆಯಲ್ಲಿ ‘ಹೋದವಳಿಗೆ’ ಎಂದು ಬರೆದ ಕ್ಷಣ ಅದು ಮುಚ್ಚುತ್ತದೆ, ‘ಹೋದವರಿಗೆ’ ಎಂದರೆ ತೆರೆದೇ ಇರುತ್ತದೆ. ಒಂದೇ ಪ್ರತ್ಯಯದ ವ್ಯತ್ಯಾಸ, ಆದರೆ ಹಾಡನ್ನು ಯಾರು ಹಾಡಬಹುದು ಎಂಬುದರ ತನಕ ಅದರ ಪರಿಣಾಮ ಹೋಗುತ್ತದೆ.

ಎರಡನೇ ಹೆಜ್ಜೆ: ಹನ್ನೆರಡು ಹೆಸರು ಬರೆಯಿರಿ

ಹಾಳೆ ಮುಂದಿಟ್ಟುಕೊಂಡು ಒಂದೇ ಕೂತಿನಲ್ಲಿ ಹತ್ತು–ಹನ್ನೆರಡು ಹೆಸರು ಬರೆಯಿರಿ. ಮೊದಲ ಮೂರು–ನಾಲ್ಕು ಬಹುತೇಕ ಸಾರಾಂಶಗಳೇ ಆಗಿರುತ್ತವೆ, ಅವು ಹೊರಬಂದ ಮೇಲೆಯೇ ಬೇರೆಯವು ಬರುವುದು. ಎಲ್ಲವೂ ಒಂದೇ ದಿಕ್ಕಿನಿಂದ ಬರದಂತೆ ನೋಡಿಕೊಳ್ಳಿ. ಪಲ್ಲವಿಯಿಂದ ಎರಡು, ಹಾಡಿನೊಳಗಿನ ವಸ್ತುವಿನಿಂದ ಎರಡು, ಮಾತಾಡುವವರು ಅಥವಾ ಕೇಳುವವರ ಕಡೆಯಿಂದ ಮೂರು, ಕಾಲ ಮತ್ತು ಸಂದರ್ಭದಿಂದ ಮೂರು, ಹೀಗೆ.

ಮೂರನೇ ಹೆಜ್ಜೆ: ಸಾರಾಂಶವನ್ನೂ ಕೊನೆಯ ಸಾಲನ್ನೂ ತೆಗೆದುಹಾಕಿ

ಮೊದಲು ಹೋಗಬೇಕಾದ್ದು ‘ನಿರೀಕ್ಷೆ’. ಅದರ ಜೊತೆಗೆ ‘ಪ್ರತೀಕ್ಷೆ’, ‘ಕಾಯುವಿಕೆ’, ‘ವಿರಹ’. ಹಾಡು ಕಾಯುವುದನ್ನು ಎಲ್ಲೂ ಹೆಸರಿಸಿಲ್ಲ. ಆರದ ನೀರು, ಹಾಕದ ಅಗುಳಿ, ಎಳೆಯದ ಗೆರೆ, ಇವುಗಳಿಂದ ಓದುಗ ಅದನ್ನು ತಾನೇ ಕಂಡುಕೊಳ್ಳಬೇಕು. ‘ನಿರೀಕ್ಷೆ’ ಎಂದು ಮೇಲೆ ಬರೆದರೆ ಆ ಕೆಲಸ ಮೊದಲೇ ಮುಗಿದುಹೋಗುತ್ತದೆ, ಮೂರು ಚರಣಗಳೂ ಕೊಟ್ಟ ಉತ್ತರಕ್ಕೆ ಉದಾಹರಣೆಗಳಾಗಿ ಕುಳಿತುಬಿಡುತ್ತವೆ. ಮಾತಿನ ಮಟ್ಟವೂ ಹೊಂದುವುದಿಲ್ಲ. ಒಳಗೆ ಅಗುಳಿ, ಹಂಡೆ, ಮಾಡು ಎಂಬ ಮನೆಯ ಮಾತು, ಮೇಲೆ ಸಂಸ್ಕೃತದ ಭಾವವಾಚಕ. ಓದುಗ ಹೊಸಿಲಲ್ಲೇ ಬೇರೆ ಯಾರೋ ಮಾತಾಡುತ್ತಿದ್ದಾರೆ ಎಂದುಕೊಂಡು ಒಳಗೆ ಬರುತ್ತಾನೆ.

ಬೇಂದ್ರೆಯವರ ಹಕ್ಕಿಯ ಹಾಡನ್ನು ಇಲ್ಲಿ ನೆನೆಯಬಹುದು. ಆ ಹಕ್ಕಿ ಕಾಲ ಎಂದು ನಾವೆಲ್ಲ ಅರ್ಥ ಮಾಡಿಕೊಳ್ಳುತ್ತೇವೆ. ಆದರೆ ಶೀರ್ಷಿಕೆ ಆ ಉತ್ತರವನ್ನು ಕೊಡುವುದಿಲ್ಲ. ಮರುಕಳಿಸುವ ಸಾಲಿನ ಪ್ರಶ್ನೆಯನ್ನೇ, ‘ಹಕ್ಕಿ ಹಾರುತಿದೆ ನೋಡಿದಿರಾ?’ ಎಂಬುದನ್ನೇ ಮೇಲೆ ತಂದಿಟ್ಟಿದೆ. ‘ಕಾಲ’ ಎಂಬ ಎರಡಕ್ಷರ ಅಲ್ಲಿ ಬಂದಿದ್ದರೆ ಪ್ರತಿ ನುಡಿಯ ಕೊನೆಯ ಪ್ರಶ್ನೆಗೆ ಕೇಳುವ ಬಲವೇ ಉಳಿಯುತ್ತಿರಲಿಲ್ಲ.

ಎರಡನೆಯದಾಗಿ ಹೋಗಬೇಕಾದ್ದು ‘ಕೆಂಪು ಚುಕ್ಕಿ’. ಕೇಳಲು ಚೆಂದ, ಕಣ್ಣಿಗೆ ಕಟ್ಟುತ್ತದೆ, ಅದಕ್ಕೇ ಬಿಡುವುದು ಕಷ್ಟ. ಆದರೆ ಅದು ಹಾಡಿನ ಕೊನೆಯ ಚಿತ್ರ. ಹಾಡು ಹದಿನಾಲ್ಕು ಸಾಲು ನಡೆದು ಅಲ್ಲಿಗೆ ತಲುಪುತ್ತದೆ. ಮೇಲೆಯೇ ಹೇಳಿಬಿಟ್ಟರೆ ಓದುಗ ಅಂಗಳದ ಚುಕ್ಕಿ ಬಂದಾಗಲೇ ಕೆಂಪು ಎಲ್ಲಿ ಎಂದು ಹುಡುಕಲು ತೊಡಗುತ್ತಾನೆ, ಕೊನೆಯಲ್ಲಿ ಅದು ಸಿಕ್ಕಾಗ ಓಹೋ ಇದೇ ಎಂದು ಗುರುತು ಹಿಡಿಯುತ್ತಾನೆ ಅಷ್ಟೆ. ನಿಮ್ಮ ಪಟ್ಟಿಯಲ್ಲಿ ಕೊನೆಯ ಎರಡು ಸಾಲಿನಿಂದ ತೆಗೆದ ಹೆಸರು ಇದ್ದರೆ ಸಾಮಾನ್ಯವಾಗಿ ಅದನ್ನು ಹೊಡೆದುಹಾಕುವುದೇ ಸರಿ.

‘ಚುಕ್ಕಿ’ ಎಂದಷ್ಟೇ ಇಟ್ಟರೆ ಹೇಗೆ? ಇದು ಬೇರೆಯ ಬಗೆಯ ಹೆಸರು. ಹಾಡಿನಲ್ಲಿ ಚುಕ್ಕಿ ಎರಡು ಬಾರಿ ಬರುತ್ತದೆ, ಅಂಗಳದ ರಂಗೋಲಿಯಲ್ಲಿ ಒಮ್ಮೆ, ಬತ್ತಿಯ ತುದಿಯಲ್ಲಿ ಇನ್ನೊಮ್ಮೆ. ಹೆಸರಿಲ್ಲದೆ ಓದುವವರಲ್ಲಿ ಬಹಳ ಮಂದಿ ಇವೆರಡನ್ನೂ ಸೇರಿಸಿ ನೋಡುವುದಿಲ್ಲ. ಶೀರ್ಷಿಕೆ ಆ ಕಡೆ ಕಣ್ಣು ಹಾಯಿಸುವಂತೆ ಮಾಡುತ್ತದೆ. ಗೆರೆ ಸೇರದ ಚುಕ್ಕಿಗೂ ಆರಲಿರುವ ಚುಕ್ಕಿಗೂ ಸಂಬಂಧ ಬೆಳೆಯುತ್ತದೆ. ಹೊಸ ಮಾಹಿತಿ ಕೊಡದೆ, ಉತ್ತರವನ್ನೂ ಹೇಳದೆ, ಎರಡು ಜಾಗವನ್ನು ಒಂದು ದಾರದಲ್ಲಿ ಪೋಣಿಸುವ ಹೆಸರು ಇದು. ಹಾಡಿನಲ್ಲಿ ಎರಡು ಬಾರಿ, ಬೇರೆ ಬೇರೆ ಅರ್ಥದಲ್ಲಿ ಬರುವ ಪದ ಇದ್ದರೆ ಅದನ್ನು ಕೊನೆಯ ಸುತ್ತಿನವರೆಗೆ ಉಳಿಸಿಕೊಳ್ಳಿ. ಒಂದೇ ಒಂದು ತೊಡಕು: ಕನ್ನಡದಲ್ಲಿ ಚುಕ್ಕಿ ಎಂದರೆ ಆಕಾಶದ ನಕ್ಷತ್ರವೂ ಹೌದು. ಓದುಗ ಮೊದಲು ತಲೆಯೆತ್ತಿ, ಆಮೇಲೆ ಅಂಗಳಕ್ಕೆ ಇಳಿಯಬೇಕಾಗುತ್ತದೆ.

ನಾಲ್ಕನೇ ಹೆಜ್ಜೆ: ಚರಣ ಚರಣಕ್ಕೂ ಹಿಡಿದು ನೋಡಿ

ನಿಜವಾದ ಕೆಲಸ ಇಲ್ಲಿದೆ. ಉಳಿದ ಪ್ರತಿ ಹೆಸರನ್ನೂ ಹಾಡಿನ ಮೇಲೆ ಕೈಯಾರೆ ಬರೆದು, ಅದು ನಿಜ ಎಂದು ನಂಬಿ ಮೊದಲಿನಿಂದ ಓದಿ. ಪ್ರತಿ ಸಾಲಿನ ಪಕ್ಕ ಮೂರರಲ್ಲಿ ಒಂದು ಗುರುತು ಹಾಕಿ: ಹೆಸರಿನಿಂದ ಸಾಲಿಗೆ ಹೊಸ ಅರ್ಥ ಬಂತು, ಏನೂ ಆಗಲಿಲ್ಲ, ಸಾಲು ಒಡೆಯಿತು. ಒಡೆಯುವುದು ಎಂದರೆ ಹೆಸರು ನಿಜವಾದರೆ ಆ ಸಾಲು ನಿಜವಾಗಲಾರದು ಎಂದು. ಒಂದೇ ಸಾಲು ಒಡೆದರೆ ತಿದ್ದಬಹುದೇ ನೋಡಬಹುದು. ಎರಡು ಒಡೆದರೆ ಅದು ನೀವು ಇನ್ನೂ ಬರೆಯದ ಬೇರೊಂದು ಹಾಡಿನ ಹೆಸರು, ಎತ್ತಿಟ್ಟುಕೊಳ್ಳಿ.

‘ಮಗಳಿಗೆ’ ಎಂದು ಇಟ್ಟು ಓದಿ. ಪಲ್ಲವಿ ತಕ್ಷಣ ಬದಲಾಗುತ್ತದೆ. ‘ಬರುವ ಹೊತ್ತಿಗೆ ಬಾ’ ಎಂಬುದರಲ್ಲಿ ಮುನಿಸನ್ನು ಬದಿಗಿಟ್ಟ ತಾಯಿಯೋ ತಂದೆಯೋ ಕಾಣುತ್ತಾರೆ. ಮೂರನೆಯ ಚರಣದಲ್ಲಿ ಅದಕ್ಕಿಂತ ದೊಡ್ಡ ಬದಲಾವಣೆ. ‘ಕೇಳಿದವರಿಗೆ’ ಎಂಬ ಪದದಲ್ಲಿ ಈಗ ಊರು ಬಂದು ನಿಂತಿತು, ಮಗಳು ಎಲ್ಲಿ ಎಂದು ಕೇಳುವ ನೆರೆಹೊರೆ, ಹೇಳಲಾಗದೆ ‘ನಾಳೆಯೊ ನಾಡಿದ್ದೊ’ ಎನ್ನುವ ಮನೆ. ಮಗಳು ಯಾರದೋ ಜೊತೆ ಹೋದಳು ಎಂಬ ಕಥೆಯನ್ನು ಹಾಡು ಹೇಳದಿದ್ದರೂ ಓದುಗ ಕಟ್ಟಿಕೊಳ್ಳುತ್ತಾನೆ. ಯಾವ ಸಾಲೂ ಒಡೆಯುವುದಿಲ್ಲ. ಇದು ಬಲವಾದ ಹೆಸರು. ಆದರೆ ಇದಕ್ಕೆ ತೆರಬೇಕಾದ್ದೂ ಇದೆ: ಗಂಡನಿಗಾಗಿ, ಹೆಂಡತಿಗಾಗಿ, ತಮ್ಮನಿಗಾಗಿ ಈ ಹಾಡನ್ನು ಇನ್ನು ಯಾರೂ ಹಾಡಿಕೊಳ್ಳಲಾರರು. ನಾಲ್ಕು ಬಾಗಿಲಿದ್ದ ಮನೆಗೆ ಒಂದೇ ಬಾಗಿಲು ಉಳಿಯುತ್ತದೆ. ಹಾಡು ಆ ಒಬ್ಬಳಿಗಾಗಿಯೇ ಎಂದು ನಿಮಗೆ ಖಚಿತವಿದ್ದರೆ ಮಾತ್ರ ಇದನ್ನು ಇಡಿ.

‘ಹಳೆಯ ಮನೆ’ ಎಂದರೆ ಮಾತಾಡುವುದು ಮನೆಯೇ ಎಂಬ ಓದು ಹುಟ್ಟುತ್ತದೆ. ಮೊದಲ ಚರಣಕ್ಕೆ ಇದು ರೋಮಾಂಚಕ. ಆದರೆ ಗೆರೆ ಎಳೆಯದವರು ಯಾರು, ಕೇಳಿದವರಿಗೆ ಹೇಳುತ್ತ ಬಂದವರು ಯಾರು? ಮನೆಯನ್ನು ಯಾರೂ ಕೇಳುವುದಿಲ್ಲ. ಎರಡು ಕಡೆ ಒಡೆಯಿತು, ಬಿಡಬೇಕು.

‘ಹದಿಮೂರನೇ ದಿನ’ ಎಂದು ಬರೆದರೆ ಓದುಗ ಸಾವಿನ ಮನೆಗೆ ಬರುತ್ತಾನೆ. ಹೋದವರು ತೀರಿಕೊಂಡವರು, ‘ಬಾ’ ಎಂಬುದು ಆಗದ ಮಾತು. ಈ ಹೆಸರಿನ ಸೆಳೆತ ದೊಡ್ಡದು, ಎಷ್ಟೋ ಹಾಡುಗಳಿಗೆ ಇಂಥ ಹೆಸರು ಆಳವನ್ನು ತಂದಂತೆ ಕಾಣಿಸುತ್ತದೆ. ಆದರೆ ಸಾಲುಗಳನ್ನು ಕೇಳಿ. ಹದಿಮೂರನೇ ದಿನ ಊಟಕ್ಕೆ ಬಂದವರಿಗೆಲ್ಲ ವಿಷಯ ಗೊತ್ತಿರುತ್ತದೆ, ‘ನಾಳೆಯೊ ನಾಡಿದ್ದೊ’ ಎಂದು ಯಾರಿಗೆ ಹೇಳುವುದು? ಜನ ತುಂಬಿದ ಮನೆಯಲ್ಲಿ ಈ ನಿಶ್ಶಬ್ದ ಎಲ್ಲಿಂದ? ದುಃಖವನ್ನು ಹೊರಗಿನಿಂದ ತಂದು ಹಾಡಿನ ತಲೆಯ ಮೇಲೆ ಇಡುವ ಶೀರ್ಷಿಕೆಗಳು ಸೋಲುವುದು ಹೀಗೆಯೇ. ಮೊದಲ ಓದಿಗೆ ಎದೆ ಹಿಂಡುತ್ತವೆ, ಎರಡನೇ ಓದಿಗೆ ನಂಬಿಕೆ ಹೋಗುತ್ತದೆ.

ಈಗ ಕಾಲದ ಕಡೆ ಬನ್ನಿ. ಎರಡನೆಯ ಚರಣದಲ್ಲಿ ಒಂದು ಸಾಕ್ಷಿ ಅಡಗಿದೆ. ಬಳ್ಳಿಗೆ ದಾರ ಕಟ್ಟುವುದು ಅದು ಚಿಕ್ಕದಿರುವಾಗ, ಕಂಬ ಹಿಡಿಯಲಿ ಎಂದು. ಈಗ ಅದು ಮಾಡನ್ನು ಹತ್ತಿ ಹೆಂಚಿನ ನಡುವೆ ಹೂ ಬಿಟ್ಟಿದೆ. ಅಂದರೆ ಹೋದವರು ಹೋಗಿ ಒಂದು ರಾತ್ರಿಯಲ್ಲ, ವರ್ಷಗಳೇ ಆಗಿವೆ. ಅವಸರದಲ್ಲಿ ಓದುವವರು ಇದನ್ನು ಗಮನಿಸುವುದಿಲ್ಲ. ಅವರಿಗೆ ಇದು ತಡವಾಗಿ ಮನೆಗೆ ಬರುವವರಿಗಾಗಿ ಕಾಯುವ ಒಂದು ರಾತ್ರಿಯ ಹಾಡು. ಹಾಗಾದರೆ ಶೀರ್ಷಿಕೆ ಮಾಡಬಹುದಾದ ಅತಿ ದೊಡ್ಡ ಉಪಕಾರ ಕಾಲದ ಅಳತೆಯನ್ನು ಕೊಡುವುದು.

ಮೊದಲಿಗೆ ಹೊಳೆದದ್ದು ‘ಏಳನೇ ಮಳೆಗಾಲ’. ಏಳು ಯಾಕೆ? ಕೇಳಲು ಕಥೆಯ ಹಾಗಿದೆ ಎಂದಷ್ಟೇ. ಬಳ್ಳಿಗೆ ಕಟ್ಟಿದ ದಾರ ಏಳು ಮಳೆಗಾಲ ಉಳಿಯುವುದು ಕಷ್ಟ, ಸೂರಿನ ಕೆಳಗಿದ್ದರೂ ಶಿಥಿಲವಾಗಿ ಹರಿದುಹೋಗುತ್ತದೆ. ಸಂಖ್ಯೆಯನ್ನು ಶೀರ್ಷಿಕೆಗೆ ತರುವಾಗ ಹಾಡಿನೊಳಗಿನ ಸಾಕ್ಷಿ ಒಪ್ಪುವ ಸಣ್ಣ ಸಂಖ್ಯೆಯನ್ನೇ ಆರಿಸಿ. ಜಾಜಿ ತಗ್ಗಿನ ಮಾಡನ್ನು ಮುಟ್ಟಲು ಎರಡು–ಮೂರು ವರ್ಷ ಸಾಕು. ಹಾಗಾಗಿ ‘ಮೂರನೇ ಮಳೆಗಾಲ’. ಮಕಾರ ಎರಡು ಬಾರಿ ಬಂದು ಕಿವಿಗೂ ಹಿತ.

ಆದರೆ ಇದನ್ನೂ ಹಿಡಿದು ನೋಡಿ. ಮಳೆಗಾಲದಲ್ಲಿ ತೆರೆದ ಅಂಗಳದಲ್ಲಿ ಚುಕ್ಕಿ ಇಡುವುದುಂಟೇ? ಇಟ್ಟರೂ ಗಳಿಗೆಯಲ್ಲಿ ತೊಳೆದುಹೋಗುತ್ತದೆ. ಮಲೆನಾಡಿನವರು, ಕರಾವಳಿಯವರು ಆ ಸಾಲಿಗೆ ಬಂದೊಡನೆ ನಿಲ್ಲುತ್ತಾರೆ. ‘ಅಂಗಳದಲ್ಲಿ’ ಎಂಬುದನ್ನು ‘ಜಗಲಿಯ ಮೇಲೆ’ ಎಂದು ತಿದ್ದಬಹುದು. ಆದರೆ ಆಗ ಕಾಯುವವರ ಕಣ್ಣು ಹೊರಗಿನ ದಾರಿಗೆ ಹೋಗುವುದಿಲ್ಲ, ಹಾಡು ಒಂದು ಹೆಜ್ಜೆ ಒಳಗೆ ಸರಿಯುತ್ತದೆ. ಶೀರ್ಷಿಕೆಗಾಗಿ ಸಾಲನ್ನು ಕೆಡಿಸಿದಂತಾಯಿತು.

ಚುಕ್ಕಿ, ಹಂಡೆ, ದೀಪ ಮೂರೂ ಒಟ್ಟಿಗೆ ಬರುವ ಕಾಲ ಯಾವುದು ಎಂದು ಕೇಳಿಕೊಂಡರೆ ಉತ್ತರ ನಮ್ಮ ಮನೆಗಳಲ್ಲೇ ಇದೆ. ನರಕ ಚತುರ್ದಶಿಯ ಹಿಂದಿನ ಸಂಜೆ ಹಂಡೆಯನ್ನು ತೊಳೆದು, ಸಿಂಗರಿಸಿ, ನೀರು ತುಂಬುತ್ತೇವೆ. ‘ನೀರು ತುಂಬುವ ಹಬ್ಬ’ ಎಂದು ಇಟ್ಟರೆ ಎಷ್ಟು ಸೊಗಸು! ಕಾಯುವಿಕೆಯ ಸುಳಿವೇ ಇಲ್ಲ, ಮನೆಮಂದಿಯೆಲ್ಲ ಸೇರುವ ದಿನ ಎಂಬುದು ಕನ್ನಡಿಗರಿಗೆ ಹೇಳದೆಯೇ ಗೊತ್ತು. ಆದರೆ ಒಂದು ಪದ ಅಡ್ಡ ಬರುತ್ತದೆ. ಆ ಸಂಜೆ ತುಂಬುವುದು ತಣ್ಣೀರು, ಕಾಯಿಸುವುದು ಮರುದಿನ ನಸುಕಿನ ಎಣ್ಣೆಸ್ನಾನಕ್ಕೆ. ಹಾಡಿನಲ್ಲಿ ನೀರು ‘ಆರಿಲ್ಲ’, ಅಂದರೆ ಕಾದು ಆಗಿದೆ. ಹಾಡು ನಡೆಯುವುದು ತುಂಬಿದ ರಾತ್ರಿಯಲ್ಲ, ಅದರ ಮರುದಿನದ ರಾತ್ರಿ. ಬಂದವರಿಗೆ ಸ್ನಾನಕ್ಕಿರಲಿ ಎಂದು ಮತ್ತೆ ಮತ್ತೆ ಉರಿ ಹಾಕಿ ಬಿಸಿ ಉಳಿಸಿಕೊಂಡ ನೀರು ಅದು.

ಹಾಗಾಗಿ ಒಂದು ದಿನಕ್ಕೆ ಕಟ್ಟಿಹಾಕದೆ ಇಡೀ ಹಬ್ಬವನ್ನು ಕರೆದರೆ: ‘ಮೂರನೇ ದೀಪಾವಳಿ’. ಈಗ ಮೇಲಿನಿಂದ ಓದಿ. ಹಂಡೆಯ ನೀರು ಅಭ್ಯಂಗದ ನೀರಾಯಿತು. ಚುಕ್ಕಿ ಇಟ್ಟು ಗೆರೆ ಎಳೆಯದಿರುವುದು ಹಬ್ಬದ ದಿನವೂ ಅರ್ಧಕ್ಕೆ ನಿಂತ ಕೈಯಾಯಿತು. ಬಳ್ಳಿ ಮಾಡು ಹತ್ತಿದ್ದಕ್ಕೆ ಲೆಕ್ಕ ಸಿಕ್ಕಿತು. ‘ನಾಳೆಯೊ ನಾಡಿದ್ದೊ’ ಎಂಬುದು ಅತ್ಯಂತ ನಿಖರವಾಯಿತು: ಚತುರ್ದಶಿಯ ರಾತ್ರಿ ನಿಂತು ನೋಡಿದರೆ ನಾಳೆ ಅಮಾವಾಸ್ಯೆ, ನಾಡಿದ್ದು ಬಲಿಪಾಡ್ಯ, ಹಬ್ಬ ಇನ್ನೂ ಎರಡು ದಿನ ಬಾಕಿ ಇದೆ, ಬರಬಹುದು. ‘ಮೂರನೇ’ ಎಂಬ ಪದದಿಂದ, ಈ ಮಾತನ್ನು ಹಿಂದಿನ ಎರಡು ಹಬ್ಬದಲ್ಲೂ ಹೇಳಲಾಗಿತ್ತು ಎಂಬುದು ತಾನಾಗಿ ತಿಳಿಯುತ್ತದೆ. ಕೊನೆಯ ಚುಕ್ಕಿಯ ಸುತ್ತ ಈಗ ಊರೆಲ್ಲ ದೀಪ ಇದೆ, ಹಾಡು ಅದನ್ನು ಹೇಳದಿದ್ದರೂ. ಹೋದವರು ಮಗಳೋ ಮಗನೋ ಗಂಡನೋ ಎಂಬುದು ಮೊದಲಿನಂತೆಯೇ ತೆರೆದಿದೆ. ಒಂದು ಸಾಲೂ ಒಡೆಯಲಿಲ್ಲ.

ಐದು ಪ್ರಶ್ನೆಗಳಲ್ಲಿ ಒಂದಕ್ಕೆ ಮಾತ್ರ ಉತ್ತರ ಕೊಟ್ಟ ಹೆಸರು ಇದು ಎಂಬುದನ್ನು ಗಮನಿಸಿ. ‘ಮಗಳಿಲ್ಲದ ಮೂರನೇ ದೀಪಾವಳಿ’ ಎಂದಿದ್ದರೆ ಮೂರಕ್ಕೆ ಉತ್ತರ ಕೊಟ್ಟಂತಾಗುತ್ತಿತ್ತು, ಓದುಗನಿಗೆ ಮಾಡಲು ಏನೂ ಉಳಿಯುತ್ತಿರಲಿಲ್ಲ.

ಐದನೇ ಹೆಜ್ಜೆ: ಕೇಳುಗನಿಗೆ ಹೆಸರು ಮುಟ್ಟುತ್ತದೆಯೇ?

ಪುಸ್ತಕದಲ್ಲಿ ಶೀರ್ಷಿಕೆ ಕಣ್ಣಿಗೆ ಮೊದಲು ಬೀಳುತ್ತದೆ. ಹಾಡುವಾಗ ಹಾಗಲ್ಲ. ಹಾಡಿನೊಳಗೆ ಬರದ ಹೆಸರು ಕೇಳುಗನಿಗೆ ತಿಳಿಯುವುದು ನಿರೂಪಕರು ಹೇಳಿದರೆ, ಅಥವಾ ಮೊಬೈಲಿನ ಪರದೆ ನೋಡಿದರೆ ಮಾತ್ರ. ‘ನಿತ್ಯೋತ್ಸವ’ಕ್ಕೆ ಈ ತೊಂದರೆ ಇಲ್ಲ, ಆ ಪದ ಪಲ್ಲವಿಯಲ್ಲೇ ಮರಳಿ ಮರಳಿ ಬರುತ್ತದೆ. ‘ಮೂರನೇ ದೀಪಾವಳಿ’ ಎಂಬುದು ಹಾಡಿನಲ್ಲಿ ಎಲ್ಲೂ ಇಲ್ಲ. ಆದ್ದರಿಂದ ಒಂದು ಪರೀಕ್ಷೆ ಬೇಕು: ಹೆಸರು ಕೇಳದವನಿಗೂ ಹಾಡು ನಿಲ್ಲುತ್ತದೆಯೇ? ನಮ್ಮದು ಒಂದು ರಾತ್ರಿಯ ಕಾಯುವ ಹಾಡಾಗಿ ನಿಲ್ಲುತ್ತದೆ, ಹೆಸರು ತಿಳಿದವನಿಗೆ ಇನ್ನಷ್ಟು ಸಿಗುತ್ತದೆ. ಹೆಸರಿಲ್ಲದೆ ಹಾಡು ಅರ್ಥವೇ ಆಗದಿದ್ದರೆ ಹಾಡು ಇನ್ನೂ ಮುಗಿದಿಲ್ಲ ಎಂದರ್ಥ, ಸಾಲುಗಳಿಗೆ ಮರಳಿ.

ಬಾಯಲ್ಲಿ ಹೇಗೆ ನಿಲ್ಲುತ್ತದೆ ಎಂದು ನೋಡಲು ‘ಈಗ … ಕೇಳೋಣ’, ‘… ಹಾಡಿದ್ದು ಯಾರು?’, ‘…ದ ಎರಡನೇ ಚರಣ’ ಎಂಬ ಮೂರು ವಾಕ್ಯಗಳಲ್ಲಿ ಹೆಸರನ್ನು ಇಟ್ಟು ಜೋರಾಗಿ ಹೇಳಿ. ಕನ್ನಡದಲ್ಲಿ ಹೆಸರಿಗೆ ವಿಭಕ್ತಿ ಹತ್ತಲೇಬೇಕು. ‘ಮೂರನೇ ದೀಪಾವಳಿಯನ್ನು’, ‘ಮೂರನೇ ದೀಪಾವಳಿಯ’ ಎಂದು ಸಲೀಸಾಗಿ ಬರುತ್ತದೆ. ‘ಬರುವ ಹೊತ್ತಿಗೆ ಬಾ’ ಎಂಬ ಪಲ್ಲವಿಯ ಹೆಸರು ಕ್ರಿಯಾಪದದಲ್ಲಿ ಮುಗಿಯುವುದರಿಂದ ‘ಎಂಬ ಹಾಡನ್ನು’ ಎಂದು ಸೇರಿಸದೆ ಬಳಸಲಾಗದು. ಅದು ದೋಷವಲ್ಲ, ಆದರೆ ಮಾತಿನಲ್ಲಿ ಅದು ಹಾಡಾಗಿಯೇ ಉಳಿಯುತ್ತದೆ, ಹೆಸರಾಗುವುದಿಲ್ಲ. ‘ಮೂರನೆಯ’ ಎನ್ನುವುದೋ ‘ಮೂರನೇ’ ಎನ್ನುವುದೋ ಎಂಬುದೂ ಇಲ್ಲೇ ತೀರ್ಮಾನವಾಗಲಿ. ಹಾಡಿನ ಮಾತು ಮನೆಯದಾದ್ದರಿಂದ ಇಲ್ಲಿ ‘ಮೂರನೇ’ ಸರಿ.

ಆಮೇಲೆ ಹಾಡನ್ನು ಹಿಂದೆ ನೋಡದ ನಾಲ್ಕು ಜನರನ್ನು ಹಿಡಿಯಿರಿ. ಇಬ್ಬರಿಗೆ ಹೆಸರಿಲ್ಲದ ಪ್ರತಿ, ಇಬ್ಬರಿಗೆ ಹೆಸರಿರುವ ಪ್ರತಿ ಕೊಡಿ. ಚೆನ್ನಾಗಿದೆಯೇ ಎಂದು ಕೇಳಬೇಡಿ. ಯಾರು ಯಾರಿಗಾಗಿ ಎಷ್ಟು ದಿನದಿಂದ ಕಾಯುತ್ತಿದ್ದಾರೆ ಎಂದು ಕೇಳಿ. ಎರಡೂ ಗುಂಪಿನ ಉತ್ತರ ಒಂದೇ ಆಗಿದ್ದರೆ ಹೆಸರು ಏನೂ ಮಾಡುತ್ತಿಲ್ಲ. ಹೆಸರಿದ್ದವರು ‘ಎಷ್ಟು ದಿನ’ಕ್ಕೆ ಒಂದೇ ಉತ್ತರ, ‘ಯಾರಿಗಾಗಿ’ಗೆ ಬೇರೆ ಬೇರೆ ಉತ್ತರ ಕೊಟ್ಟರೆ ಶೀರ್ಷಿಕೆ ನೀವು ಬಯಸಿದ್ದನ್ನೇ ಮಾಡಿದೆ.

ಆರನೇ ಹೆಜ್ಜೆ: ಎರಡು ಹೆಸರಿಗೂ ಜಾಗ ಮಾಡಿ

ನೀವು ಏನೇ ಇಟ್ಟರೂ ಜನ ಮೊದಲ ಸಾಲಿನಿಂದಲೇ ಕರೆಯುವ ಸಂಭವ ಹೆಚ್ಚು. ಅದರೊಡನೆ ಜಗಳ ಬೇಡ. ಹಸ್ತಪ್ರತಿಯ ಮೇಲೆ ಶೀರ್ಷಿಕೆ ಬರೆದು, ಕೆಳಗೆ ಸಣ್ಣದಾಗಿ ‘ಅಗುಳಿ ಹಾಕಿಲ್ಲ ಬಾಗಿಲಿಗಿನ್ನೂ’ ಎಂದೂ ಬರೆಯಿರಿ. ಹಕ್ಕುಗಳ ಸಂಘದಲ್ಲಿ ಕೃತಿ ನೋಂದಾಯಿಸುವಾಗ ಪರ್ಯಾಯ ಶೀರ್ಷಿಕೆಗೆ ಜಾಗ ಇದ್ದರೆ ಮೊದಲ ಸಾಲನ್ನೂ ಪಲ್ಲವಿಯ ಕೊನೆಯನ್ನೂ ಅಲ್ಲಿ ಹಾಕಿ. ಇಲ್ಲದಿದ್ದರೆ ಬೇರೆ ಹೆಸರಿನಲ್ಲಿ ಪ್ರಸಾರವಾದ ಹಾಡು ನಿಮ್ಮದೇ ಎಂದು ಹೊಂದಿಸುವುದು ಕಷ್ಟವಾಗುತ್ತದೆ. ಇದೇ ಹೆಸರಿನ ಇನ್ನೊಂದು ಹಾಡು ಇದ್ದರೆ ಗಾಬರಿ ಬೇಡ. ಬರೀ ಶೀರ್ಷಿಕೆಗೆ ಕೃತಿಸ್ವಾಮ್ಯ ಇಲ್ಲವೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಆದರೆ ಹುಡುಕುವವರಿಗೆ ತೊಡಕು ಆಗುವುದರಿಂದ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ‘ಬಾಗಿಲು’, ‘ಮಳೆ’, ‘ನೀನು’ ಎಂಬಂಥ ಒಂಟಿ ಪದಗಳಲ್ಲಿ ನಿಮ್ಮ ಹಾಡು ಸಿಗುವುದೇ ಇಲ್ಲ.

ರೋಮನ್ ಅಕ್ಷರದ ವಿಷಯದಲ್ಲಿ ಮಾತ್ರ ಎಚ್ಚರ. ಹಾಡಿನ ಆ್ಯಪ್‌ಗಳಲ್ಲಿ ಹೆಸರು ಹೆಚ್ಚಾಗಿ ಆ ಲಿಪಿಯಲ್ಲೇ ಕಾಣಿಸುತ್ತದೆ. ಅಲ್ಲಿ ಲ–ಳ, ನ–ಣ ಭೇದ ಇಲ್ಲ, ದೀರ್ಘವೂ ಅನುಮಾನ. `Kale` ಎಂದರೆ ಕಲೆಯೋ ಕಳೆಯೋ, `Mane` ಎಂದರೆ ಮನೆಯೋ ಮಣೆಯೋ, `Halli` ಎಂದರೆ ಹಳ್ಳಿಯೋ ಹಲ್ಲಿಯೋ? ಕೊನೆಯ ಸುತ್ತಿನ ಹೆಸರುಗಳನ್ನು ಆ ಲಿಪಿಯಲ್ಲಿ ಬರೆದು, ಹಾಡು ಗೊತ್ತಿಲ್ಲದವರ ಕೈಗೆ ಕೊಟ್ಟು ಓದಿಸಿ. ನಮ್ಮ ಹೆಸರನ್ನು `Moorane Deepavali` ಎಂದೂ `Murane Deepavali` ಎಂದೂ ಬರೆಯುವವರಿದ್ದಾರೆ. ಒಂದನ್ನು ಆರಿಸಿ ಕಡತದ ಹೆಸರು, ಆಲ್ಬಂ, ನೋಂದಣಿ ಎಲ್ಲದರಲ್ಲೂ ಅದನ್ನೇ ಬಳಸಿ. ಕನ್ನಡ ಲಿಪಿಯಲ್ಲೂ ಹೆಸರು ಕೊಡಲು ಅವಕಾಶವಿದ್ದರೆ ಖಂಡಿತ ಕೊಡಿ.

ರಾಗ ಸಂಯೋಜಕರಿಗೆ ಪ್ರತಿ ಕೊಡುವ ಮುಂಚೆಯೇ ಹೆಸರು ಅಂತಿಮವಾಗಲಿ. ‘ಮಗಳಿಗೆ’ ಎಂಬ ಹಾಳೆ ಕೈಗೆ ಬಂದರೆ ಅವರು ಜೋಗುಳದ ಕಡೆ ವಾಲಬಹುದು, ‘ಮೂರನೇ ದೀಪಾವಳಿ’ ಎಂದಿದ್ದರೆ ಹಬ್ಬದ ಸಡಗರವನ್ನು ದೂರದಲ್ಲಿ ಕೇಳಿಸುವ ಯೋಚನೆ ಬರಬಹುದು. ಸ್ವರ ಹಾಕಿದ ಮೇಲೆ ಹೆಸರು ಬದಲಿಸಿದರೆ ಹಾಡು ಒಂದನ್ನು ಹೇಳುತ್ತದೆ, ಹಾಳೆ ಇನ್ನೊಂದನ್ನು ಹೇಳುತ್ತದೆ.